ಪಠ್ಯತುಣುಕಿನ ಕೊಂಡಿ

ಜಾಲಪುಟದೊಳಗಿನ ನಿರ್ದಿಷ್ಟ ಪದ ಅಥವಾ ವಾಕ್ಯಕ್ಕೆ ಓದುಗರನ್ನು ನೇರವಾಗಿ ಕರೆದೊಯ್ದು, ಅದನ್ನು ಬಣ್ಣದಿಂದ ಎತ್ತಿ ತೋರಿಸುವ ಕೊಂಡಿಯನ್ನು ಪಠ್ಯತುಣುಕಿನ ಕೊಂಡಿ ಅಥವಾ ಟೆಕ್ಸ್ಟ್ ಫ್ರಾಗ್ಮೆಂಟ್ ಎನ್ನುತ್ತಾರೆ. ಈ ಸೌಲಭ್ಯವು ಕ್ರೋಮ್‌ನಲ್ಲಿ 2020ರಲ್ಲಿ, ಸಫಾರಿಯಲ್ಲಿ 2022ರಲ್ಲಿ ಹಾಗೂ ಫೈರ್‌ಫಾಕ್ಸ್‌ನಲ್ಲಿ 2024ರಲ್ಲಿ ದೊರೆಯಿತು.

ರಚನೆ

ಪುಟದ ವಿಳಾಸದ ಕೊನೆಗೆ `#:~:text=` ಸೇರಿಸಿ, ಅದರ ಮುಂದೆ ಬೇಕಾದ ಪಠ್ಯವನ್ನು ಬರೆಯಬೇಕು. ಪಠ್ಯವು ದೀರ್ಘವಾಗಿದ್ದರೆ ಅದರ ಮೊದಲ ಮತ್ತು ಕೊನೆಯ ಪದಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಕೊಟ್ಟರೆ ಸಾಕು. ಉದಾಹರಣೆಗೆ, ಪುಟವೊಂದರಲ್ಲಿ “ಆಳಂದ, ಅಫಜಲಪುರ ಮತ್ತು ಜೇವರ್ಗಿ ಕಲಬುರಗಿ ಜಿಲ್ಲೆಯ ತಾಲೂಕುಗಳು” ಎಂಬ ವಾಕ್ಯವಿದ್ದರೆ, ಕೆಳಗಿನ ಕೊಂಡಿಯು ಇಡೀ ವಾಕ್ಯವನ್ನು ಎತ್ತಿ ತೋರಿಸುತ್ತದೆ:

```
https://example.org/taluk#:~:text=ಆಳಂದ,ತಾಲೂಕುಗಳು
```

ಈ ವಿಳಾಸವನ್ನು ನಕಲಿಸಿದಾಗ ಕನ್ನಡದ ಅಕ್ಷರಗಳು ಸಂಕೇತರೂಪಕ್ಕೆ ತಿರುಗುವುದುಂಟು. ‘ಆಳಂದ’ ಎಂಬುದು `%E0%B2%86%E0%B2%B3%E0%B2%82%E0%B2%A6` ಆಗುತ್ತದೆ. ಇದು ದೋಷವಲ್ಲ, ಕೊಂಡಿ ಎಂದಿನಂತೆ ಕೆಲಸ ಮಾಡುತ್ತದೆ.

ಮಿತಿಗಳು

ಬ್ರೌಸರ್ ಪೂರ್ಣ ಪದಗಳನ್ನಷ್ಟೇ ಹೊಂದಿಸಿ ನೋಡುತ್ತದೆ. ಆದುದರಿಂದ ಪುಟದಲ್ಲಿ ‘ಆಳಂದದಲ್ಲಿ’ ಎಂದು ಮಾತ್ರ ಇದ್ದರೆ ‘ಆಳಂದ’ ಎಂಬ ಕೊಂಡಿಗೆ ಅದು ಸಿಗುವುದಿಲ್ಲ. ವಿಭಕ್ತಿ ಪ್ರತ್ಯಯವನ್ನೂ ಸೇರಿಸಿ ಬರೆಯಬೇಕು. ಕಾಗುಣಿತವೂ ಪುಟದಲ್ಲಿರುವಂತೆಯೇ ಇರಬೇಕು: ‘ಜೇವರ್ಗಿ’ ಎಂದಿರುವಲ್ಲಿ ‘ಜೇವರಗಿ’ ಹೊಂದದು. ಪಠ್ಯ ಸಿಗದಿದ್ದಾಗ ಯಾವ ಎಚ್ಚರಿಕೆಯೂ ಬರುವುದಿಲ್ಲ. ಬಣ್ಣದ ಗುರುತಿಲ್ಲದೆ ಪುಟವು ಮೇಲ್ಭಾಗದಿಂದಲೇ ತೆರೆದುಕೊಳ್ಳುತ್ತದೆ. ಹೀಗಾಗಿ ಪದವನ್ನು ಬೆರಳಚ್ಚಿಸುವ ಬದಲು ಪುಟದಿಂದಲೇ ನಕಲಿಸಿ ಬಳಸುವುದು ಸೂಕ್ತ.