ಬಾಲಿಯ ‘ಸ್ವರ್ಗದ ಬಾಗಿಲು’: ಸರೋವರ ಸುಳ್ಳು, ದೇವಸ್ಥಾನ ನಿಜ

ಎರಡು ಫೋಟೋಗಳನ್ನು ಅಕ್ಕಪಕ್ಕ ಅಂಟಿಸಿದ ಒಂದು ಚಿತ್ರ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಎಡಗಡೆ ‘ಇನ್‌ಸ್ಟಾಗ್ರಾಂ’ ಎಂದು ಬರೆದಿರುತ್ತದೆ: ಎತ್ತರದ ಎರಡು ಕಲ್ಲಿನ ಗೋಪುರಗಳು, ನಡುವೆ ನಿಂತ ಯುವತಿ, ಹಿಂದೆ ಪರ್ವತ, ಕೆಳಗೆ ಇದೆಲ್ಲವನ್ನೂ ತಲೆಕೆಳಗಾಗಿ ತೋರಿಸುವ ನಿಶ್ಚಲ ಸರೋವರ. ಬಲಗಡೆ ‘ರಿಯಾಲಿಟಿ’: ಅದೇ ಗೋಪುರಗಳು, ಎದುರಿಗೆ ಒಣ ನೆಲ, ಸರದಿಗಾಗಿ ಕಾಯುತ್ತಿರುವ ಪ್ರವಾಸಿಗರು. ಜೊತೆಗೆ ‘ಎಲ್ಲಾ ಫೋಟೋಶಾಪ್, ಇಂಥ ಜಾಗವೇ ಇಲ್ಲ’ ಎಂಬ ಧಾಟಿಯ ಒಂದು ಸಾಲು. ಸರೋವರ ಇಲ್ಲ ಎನ್ನುವುದು ನಿಜ. ಉಳಿದ ಎರಡೂ ಮಾತು ಸುಳ್ಳು.

ಆ ಜಾಗ ಇಂಡೋನೇಷ್ಯಾದ ಬಾಲಿ ದ್ವೀಪದ ಪೂರ್ವ ಭಾಗದಲ್ಲಿದೆ. ಲೆಂಪುಯಾಂಗ್ ಬೆಟ್ಟದ ಹಿಂದೂ ದೇವಾಲಯ ಅದು. ನಡುವೆ ಸೀಳಿಟ್ಟಂತೆ ಕಾಣುವ ಆ ಜೋಡಿ ಗೋಪುರ ಬಾಲಿಯ ದೇವಾಲಯಗಳ ಸಾಂಪ್ರದಾಯಿಕ ಹೆಬ್ಬಾಗಿಲು. ಅದರ ಸಂದಿಯಿಂದ ಕಾಣುವುದು ಮೌಂಟ್ ಅಗುಂಗ್ ಎಂಬ ಜ್ವಾಲಾಮುಖಿ, 3,000 ಮೀಟರ್‌ಗಿಂತ ಎತ್ತರದ್ದು. ಎರಡೂ ಅಲ್ಲೇ ಇವೆ, ಯಾರೂ ಕಂಪ್ಯೂಟರಿನಲ್ಲಿ ಸೇರಿಸಿದ್ದಲ್ಲ. ಬಾಗಿಲಿನ ಎದುರು ಮಾತ್ರ ನೀರಿಲ್ಲ, ಅಂಗಳವಿದೆ. 2019ರ ಜುಲೈನಲ್ಲಿ ಅಮೆರಿಕದ ಪತ್ರಕರ್ತೆಯೊಬ್ಬರು ಅಲ್ಲಿಗೆ ಹೋಗಿ, ‘ನೀರು’ ಎಂದರೆ ಫೋನಿನ ಕೆಳಗೆ ಹಿಡಿದ ಕನ್ನಡಿಯ ತುಂಡು ಎಂದು ಟ್ವಿಟರ್‌ನಲ್ಲಿ ಬರೆದರು. ಆಮೇಲೆ ಈ ಜೋಡಿ ಫೋಟೋಗಳು ಜಗತ್ತಿನಾದ್ಯಂತ ಓಡಾಡಿದವು.

ಅಂಗೈಯಗಲದ ಕನ್ನಡಿ ಇಡೀ ಸರೋವರದಂತೆ ಕಾಣುವುದು ಹೇಗೆ? ಕಣ್ಣಿಗೆ ತೀರಾ ಹತ್ತಿರ ಹಿಡಿದ ಹೆಬ್ಬೆರಳು ದೂರದ ಬಸ್ಸನ್ನೇ ಮುಚ್ಚಿಬಿಡುತ್ತದಲ್ಲ, ಹಾಗೆ. ಕನ್ನಡಿಯನ್ನು ಅಡ್ಡಲಾಗಿ, ಮುಖ ಆಕಾಶಕ್ಕೆ ಮಾಡಿ, ಲೆನ್ಸಿನ ಅಡಿಗೇ ತಾಗಿಸಿ ಹಿಡಿದರೆ ಫೋಟೋದ ಕೆಳಗಿನ ಅರ್ಧವೆಲ್ಲ ಕನ್ನಡಿಯೇ ಆಗುತ್ತದೆ. ಅಂಗಳ, ಸರದಿ, ನೆಲದ ಮೇಲಿನ ಚಪ್ಪಲಿ ಎಲ್ಲ ಅದರ ಹಿಂದೆ ಮರೆಯಾಗುತ್ತವೆ. ಅವುಗಳ ಜಾಗದಲ್ಲಿ ಮೇಲಿನ ಗೋಪುರ, ಆಕಾಶಗಳ ಪ್ರತಿಬಿಂಬ ಬಂದು ಕೂರುತ್ತದೆ.

ನಾವು ಇದನ್ನು ಮನೆಯ ತಾರಸಿಯಲ್ಲಿ ಮಾಡಿ ನೋಡಿದೆವು. ಕನ್ನಡಿಯೂ ಬೇಕಾಗಲಿಲ್ಲ, ಸ್ಕ್ರೀನ್ ಆಫ್ ಮಾಡಿದ ಇನ್ನೊಂದು ಫೋನ್ ಸಾಕಾಯಿತು. ಗಾಜನ್ನು ಓರೆಯಾಗಿ, ಹೆಚ್ಚುಕಡಿಮೆ ಅದರ ಮೈಗೆ ಸಮಾನಾಂತರವಾಗಿ ನೋಡಿದಾಗ ಅದು ಬೆಳಕನ್ನು ಬಹಳಷ್ಟು ಪ್ರತಿಫಲಿಸುತ್ತದೆ. ಮೊದಲ ಫೋಟೋ ಕೆಟ್ಟಿತು. ಲೆನ್ಸ್ ಸ್ಕ್ರೀನಿಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿದ್ದುದರಿಂದ ‘ನೀರು’ ಫೋಟೋದ ತಳದಲ್ಲಷ್ಟೇ ಬಂತು, ನಡುವೆ ತಾರಸಿಯ ಸಿಮೆಂಟು ಚೆನ್ನಾಗಿಯೇ ಕಂಡಿತು. ಫೋನನ್ನು ತಲೆಕೆಳಗು ಮಾಡಿ ಲೆನ್ಸನ್ನು ಸ್ಕ್ರೀನಿನ ಅಂಚಿಗೆ ತಾಗಿಸಿದಾಗ ಸಿಮೆಂಟು ಮಾಯವಾಯಿತು. ಎದುರಿನ ಮನೆಯ ಕಪ್ಪು ಸಿಂಟೆಕ್ಸ್ ಟ್ಯಾಂಕು ಸರೋವರದ ದಡದಲ್ಲಿ ಗಂಭೀರವಾಗಿ ನಿಂತಿತ್ತು.

ಒಂದು ಮಿತಿ ಇದೆ. ಕನ್ನಡಿ ಲೆನ್ಸಿನ ಮಟ್ಟದಲ್ಲಿರುವುದರಿಂದ ಆ ಮಟ್ಟಕ್ಕಿಂತ ಕೆಳಗಿನದು ಯಾವುದೂ ಕಾಣುವುದಿಲ್ಲ. ನಿಂತು ಎದೆಮಟ್ಟದಲ್ಲಿ ಫೋಟೋ ತೆಗೆದರೆ ಎದುರಿನವರು ಎದೆಯವರೆಗೆ ನೀರಿನಲ್ಲಿ ಮುಳುಗಿದಂತೆ ಬರುತ್ತಾರೆ. ಲೆಂಪುಯಾಂಗ್‌ನಲ್ಲಿ ಬಾಗಿಲು ಮೆಟ್ಟಿಲುಗಳ ಮೇಲಿದೆ, ಫೋಟೋ ತೆಗೆಯುವವರು ಕೆಳಗಿನ ಅಂಗಳದಲ್ಲಿ ಕುಳಿತಿರುತ್ತಾರೆ. ಹಾಗಾಗಿ ನಿಂತವರ ಕಾಲು ಕೂಡ ಉಳಿಯುತ್ತದೆ.

ಇಂಥ ಫೋಟೋ ಸಿಕ್ಕಾಗ ಮೊದಲು ನೀರಿನ ಅಂಚನ್ನು ದೊಡ್ಡದು ಮಾಡಿ ನೋಡಿ. ಕನ್ನಡಿ ಲೆನ್ಸಿಗೆ ತೀರಾ ಹತ್ತಿರ ಇರುವುದರಿಂದ ಅಂಚು ಗೆರೆ ಎಳೆದಂತೆ ನೇರವಾಗಿದ್ದರೂ ಮಸುಕಾಗಿರುತ್ತದೆ. ದಡದ ಕಲ್ಲು, ಹುಲ್ಲು, ಅಲೆ ಇರುವುದಿಲ್ಲ. ಇನ್ನೂ ಒಳ್ಳೆಯ ಗುರುತು ಪರ್ವತದಲ್ಲಿದೆ. ನಿಜವಾದ ಕೆರೆಯ ದಡದಲ್ಲಿ ನಿಂತಾಗ ಕ್ಯಾಮೆರಾ ನೀರಿಗಿಂತ ಐದು ಅಡಿ ಮೇಲಿದ್ದರೆ, ನೀರಿನಲ್ಲಿ ಕಾಣುವುದು ನೀರಿಗಿಂತ ಐದು ಅಡಿ ಕೆಳಗಿನಿಂದ ಕತ್ತೆತ್ತಿ ನೋಡಿದ ದೃಶ್ಯ. ಅಲ್ಲಿಂದ ನೋಡಿದರೆ ಹತ್ತಿರದ ಗೋಪುರ ದೂರದ ಪರ್ವತವನ್ನು ಹೆಚ್ಚು ಮರೆಮಾಡುತ್ತದೆ. ಅಂದರೆ ನೀರಿನೊಳಗಿನ ಚಿತ್ರ ಮೇಲಿನದಕ್ಕೆ ಪೂರ್ತಿ ಹೊಂದುವುದಿಲ್ಲ. ಕನ್ನಡಿಯ ಫೋಟೋದಲ್ಲಿ ಎರಡೂ ಅಚ್ಚೊತ್ತಿದಂತೆ ಒಂದೇ. ಕ್ಯಾಮೆರಾವನ್ನು ನೀರಿಗೆ ತಾಗುವಷ್ಟು ಕೆಳಗೆ ಹಿಡಿದರೆ ನಿಜವಾದ ಕೆರೆಯಲ್ಲೂ ಹೀಗೆ ಬರಬಹುದು, ಆದ್ದರಿಂದ ಈ ಒಂದೇ ಗುರುತನ್ನು ನಂಬಿ ತೀರ್ಪು ಕೊಡಬೇಡಿ.

ಇನ್ನು ಬಲಗಡೆಯ ಫೋಟೋ. ಅದರ ಮೇಲೆ ‘ರಿಯಾಲಿಟಿ’ ಎಂದು ಬರೆದಿರುವುದರಿಂದ ಯಾರೂ ಅದನ್ನು ಪರೀಕ್ಷಿಸುವುದಿಲ್ಲ. ಆದರೆ ಅದನ್ನೂ ಒಬ್ಬರು ಆರಿಸಿಯೇ ಹಾಕಿರುತ್ತಾರೆ. ಮೋಡ ಮುಚ್ಚಿ ಅಗುಂಗ್ ಕಾಣದ ಹೊತ್ತಿನಲ್ಲಿ ತೆಗೆದರೆ ಪರ್ವತವೇ ಸುಳ್ಳು ಎನಿಸುತ್ತದೆ. ದೂರ ನಿಂತು ಝೂಮ್ ಮಾಡಿ ತೆಗೆದರೆ ಮುಂದಿನವರ ಮತ್ತು ಹಿಂದಿನವರ ನಡುವಿನ ಅಂತರ ಕುಗ್ಗಿ, ಬಿಡಿಬಿಡಿಯಾಗಿ ನಿಂತ ಜನರೂ ಜಾತ್ರೆಯಂತೆ ಕಾಣುತ್ತಾರೆ. ಇಲ್ಲಿ ಸರದಿ ಇರುವುದು ನಿಜವೇ, ಕೆಲವೊಮ್ಮೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಆದರೂ ‘ಇಂಥ ಜಾಗವೇ ಇಲ್ಲ’ ಎಂಬ ತೀರ್ಮಾನ ಆ ಫೋಟೋದಿಂದ ಹುಟ್ಟುವುದಿಲ್ಲ.

ಅಣಕದ ಪೋಸ್ಟುಗಳು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಒಂದು ಬೆಳಗಿನ ತಿಂಡಿಯ ಕಥೆ ಇದೆ. 2018ರಲ್ಲಿ ಬ್ರಿಟನ್ನಿನ ಬ್ಲಾಗರ್ ಒಬ್ಬರು ಮೌತ್‌ವಾಶ್ ಜಾಹೀರಾತಿಗಾಗಿ ಒಂದು ಫೋಟೋ ಹಾಕಿದ್ದರು. ನೀಟಾದ ಹಾಸಿಗೆ, ಹೃದಯಾಕಾರದ ಬಲೂನುಗಳು, ಎದುರಿಗೆ ಪ್ಯಾನ್‌ಕೇಕ್ ಮತ್ತು ಸ್ಟ್ರಾಬೆರಿ, ಪಕ್ಕದ ಮೇಜಿನ ಮೇಲೆ ಮೌತ್‌ವಾಶ್ ಬಾಟಲಿ. ಅದು ಹಣ ಪಡೆದ ಜಾಹೀರಾತು, ಗುಟ್ಟೇನಲ್ಲ. ಟ್ವಿಟರ್‌ನಲ್ಲಿ ಒಬ್ಬರು ‘ಯಾರ ಬೆಳಗೂ ಹೀಗಿರುವುದಿಲ್ಲ, ಪ್ಯಾನ್‌ಕೇಕ್ ಅಂತ ಇಟ್ಟಿರುವುದು ಟಾರ್ಟಿಯಾ ರೊಟ್ಟಿ’ ಎಂಬರ್ಥದಲ್ಲಿ ಗೇಲಿ ಮಾಡಿದರು. ಅಲ್ಲಿಯವರೆಗೆ ಅದು ತಮಾಷೆ, ನಮಗೂ ನಗು ಬಂತು. ಆದರೆ ಹಂಚಿಕೆ ಏರುತ್ತಾ ಹೋದಂತೆ ಆಕೆಗೆ ಬೈಗುಳ, ಕೊನೆಗೆ ಕೊಲೆ ಬೆದರಿಕೆಗಳೂ ಬಂದವು. ಜಾಹೀರಾತು ಮಾಡಿಸಿದ ಕಂಪನಿಗೆ ಬೀಳದ ಏಟು ಹಾಸಿಗೆಯ ಮೇಲೆ ಕುಳಿತವಳಿಗೆ ಬಿತ್ತು.

ಹಾಗಾದರೆ ಇಂಥ ಪೋಸ್ಟುಗಳಿಂದ ಉಪಯೋಗವೇ ಇಲ್ಲವೇ? ಇದೆ ಎನ್ನುತ್ತದೆ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಮರಿಕಾ ಟಿಗ್ಗೆಮನ್ ಮತ್ತು ಇಸಬೆಲ್ಲಾ ಆಂಡರ್‌ಬರ್ಗ್ ಅವರ ಅಧ್ಯಯನ. 18ರಿಂದ 30 ವರ್ಷದ 305 ಮಹಿಳೆಯರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಅಂದವಾಗಿ ಸಜ್ಜು ಮಾಡಿದ ದೇಹದ ಫೋಟೋಗಳನ್ನು, ಇನ್ನೊಂದಕ್ಕೆ ಸಹಜ ಫೋಟೋಗಳನ್ನು, ಮತ್ತೊಂದಕ್ಕೆ ಎರಡನ್ನೂ ಅಕ್ಕಪಕ್ಕ ಇಟ್ಟ ‘ಇನ್‌ಸ್ಟಾಗ್ರಾಂ ವರ್ಸಸ್ ರಿಯಾಲಿಟಿ’ ಚಿತ್ರಗಳನ್ನು ತೋರಿಸಿದರು. ಸಜ್ಜು ಮಾಡಿದ ಚಿತ್ರಗಳನ್ನಷ್ಟೇ ನೋಡಿದವರಿಗಿಂತ ಉಳಿದ ಎರಡು ಗುಂಪಿನವರಲ್ಲಿ ತಮ್ಮ ದೇಹದ ಬಗೆಗಿನ ಅಸಮಾಧಾನ ಕಡಿಮೆಯಿತ್ತು. ನಮಗೆ ಮುಖ್ಯವೆನಿಸಿದ್ದು ಸಹಜ ಫೋಟೋ ಒಂದನ್ನೇ ನೋಡಿದಾಗಲೂ ಆ ಪರಿಣಾಮ ಕಂಡಿತು ಎನ್ನುವುದು. ಅಧ್ಯಯನ ನಡೆದದ್ದು ದೇಹದ ಚಿತ್ರಗಳ ಮೇಲೆ, ಪ್ರವಾಸದ್ದೋ ತಿಂಡಿಯದ್ದೋ ಅಲ್ಲ. ಅದನ್ನು ಎಲ್ಲದಕ್ಕೂ ಎಳೆಯುವಂತಿಲ್ಲ.

ಲೆಂಪುಯಾಂಗ್‌ಗೆ ಹೋಗುವವರಿದ್ದರೆ: ಸೊಂಟಕ್ಕೆ ಸರೋಂಗ್ ಉಟ್ಟೇ ಒಳಗೆ ಹೋಗಬೇಕು, ಅದು ಈಗಲೂ ಪೂಜೆ ನಡೆಯುವ ದೇವಸ್ಥಾನ. ಮೋಡ ಕವಿಯುವ ಮುಂಚೆ, ಬೆಳಗ್ಗೆ ಬೇಗ ಹೋದರೆ ಪರ್ವತ ಕಾಣುವ ಸಾಧ್ಯತೆ ಹೆಚ್ಚು. ಕನ್ನಡಿ ಒಯ್ಯಬೇಕಿಲ್ಲ. ನಿಮ್ಮ ಸರದಿ ಬಂದಾಗ ಫೋನ್ ಕೊಟ್ಟರೆ, ಅಲ್ಲಿ ಕುಳಿತಿರುವ ಸ್ಥಳೀಯರೇ ಸರೋವರ ಸೇರಿಸಿ ಕೊಡುತ್ತಾರೆ.