ಎಸಿ ಅಳವಡಿಕೆ: ವೈರು, ಎಂಸಿಬಿ ಮತ್ತು ಬಿಸಿಯಾಗುವ ಸಾಕೆಟ್

ಹವಾನಿಯಂತ್ರಕವನ್ನು ಕೊಳ್ಳುವಾಗ ಟನ್, ಸ್ಟಾರ್ ಮತ್ತು ಬೆಲೆಯನ್ನು ವಿಚಾರಿಸುವವರು ಅದಕ್ಕೆ ವಿದ್ಯುತ್ ಒಯ್ಯುವ ವೈರು ಎಷ್ಟು ದಪ್ಪವಿರಬೇಕೆಂದು ಕೇಳುವುದು ವಿರಳ. ಗೋಡೆಯ ಪವರ್ ಪಾಯಿಂಟ್‌ಗೆ ಪ್ಲಗ್ ಸಿಕ್ಕಿಸಿದರೆ ಯಂತ್ರವೇನೋ ಓಡುತ್ತದೆ. ಆದರೆ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳು ಕೆಲವು ನಿಮಿಷ ಮಾತ್ರ ಬಳಕೆಯಾಗುವ ಸಾಧನಗಳು. ಎಸಿ ರಾತ್ರಿಯಿಡೀ ಓಡುವಂಥದು. ಅಪಾಯದ ಮೂಲ ಈ ವ್ಯತ್ಯಾಸದಲ್ಲಿದೆ.

ವೈರಿನ ಲೆಕ್ಕ

ಸುಮಾರು 2,400 ವ್ಯಾಟ್ ಬಳಸುವ 2 ಟನ್ ಎಸಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 230 ವೋಲ್ಟ್‌ನಲ್ಲಿ ಅದು ಸುಮಾರು 11 ಆಂಪಿಯರ್ ಎಳೆಯುತ್ತದೆ. ಡಿಸ್ಟ್ರಿಬ್ಯೂಷನ್ ಬೋರ್ಡ್‌ನಿಂದ ಕೋಣೆಗೆ 20 ಮೀಟರ್ ದೂರವಿದ್ದರೆ, ಹೋಗಿಬರುವ ತಂತಿಯ ಒಟ್ಟು ಉದ್ದ 40 ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದ ವೈರಾದರೆ ಅದರ ರೋಧ ಹೆಚ್ಚುಕಡಿಮೆ ಅರ್ಧ ಓಮ್. ಐದೂವರೆ ವೋಲ್ಟ್ ಹಾದಿಯಲ್ಲೇ ಕಳೆದು, 60 ವ್ಯಾಟ್‌ನಷ್ಟು ಶಾಖ ಗೋಡೆಯೊಳಗೆ ಹುಟ್ಟುತ್ತದೆ. 4 ಚದರ ಮಿಲಿಮೀಟರ್ ವೈರಿನಲ್ಲಿ ಇದು 24 ವ್ಯಾಟ್‌ಗೆ ಇಳಿಯುತ್ತದೆ. ಆದ್ದರಿಂದ ಒಂದೂವರೆ ಅಥವಾ 2 ಟನ್ ಎಸಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರನ್ನು ಎಳೆಯುವುದು ಸುರಕ್ಷಿತ ಪದ್ಧತಿ. ಹಳೆಯ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇಂದಿಗೂ ಉಳಿದಿರುವ 'ಏಳು-ಇಪ್ಪತ್ತು' ವೈರು ಇದಕ್ಕೆ ಸಮೀಪದ್ದು. 'ಮೂರು-ಇಪ್ಪತ್ತು' ವೈರು ಸುಮಾರು 2 ಚದರ ಮಿಲಿಮೀಟರ್ ಮಾತ್ರ.

ಎಂಸಿಬಿ ಕಾಯುವುದು ವೈರನ್ನು

ಹಳೆಯ ಮನೆಗಳಲ್ಲಿ ಕೋಣೆಯ ಪವರ್ ಪಾಯಿಂಟ್ ಮತ್ತು ಪಕ್ಕದ ಸ್ನಾನಗೃಹದ ಗೀಸರ್ ಒಂದೇ 2.5 ಚದರ ಮಿಲಿಮೀಟರ್ ವೈರಿನ ಮೇಲೆ, ಒಂದೇ 16 ಆಂಪಿಯರ್ ಎಂಸಿಬಿಯ ಅಧೀನದಲ್ಲಿ ಇರುವುದುಂಟು. ಗೀಸರ್‌ನ 9 ಆಂಪಿಯರ್ ಮತ್ತು ಎಸಿಯ 11 ಆಂಪಿಯರ್ ಸೇರಿ 20 ಆದಾಗ ಎಂಸಿಬಿ ಬೀಳುತ್ತದೆ. ಪದೇ ಪದೇ ಬೀಳುತ್ತಿದೆಯೆಂದು ಅದನ್ನು ತೆಗೆದು 32 ಆಂಪಿಯರ್‌ನದನ್ನು ಹಾಕಿಸುವುದು ಅತ್ಯಂತ ಅಪಾಯಕಾರಿ 'ದುರಸ್ತಿ'.

ಎಂಸಿಬಿ ಇರುವುದು ಎಸಿಯನ್ನು ಕಾಯಲಿಕ್ಕಲ್ಲ, ಗೋಡೆಯೊಳಗಿನ ವೈರನ್ನು ಕಾಯಲಿಕ್ಕೆ. ಪೈಪಿನೊಳಗಿನ 2.5 ಚದರ ಮಿಲಿಮೀಟರ್ ವೈರಿನ ಸಾಮರ್ಥ್ಯ 20 ಆಂಪಿಯರ್‌ನ ಆಸುಪಾಸಿನದು. 32 ಆಂಪಿಯರ್ ಎಂಸಿಬಿಯಾದರೋ 36 ಆಂಪಿಯರ್ ಹರಿದರೂ ಒಂದು ಗಂಟೆಯೊಳಗೆ ಬೀಳದಂತೆಯೇ ತಯಾರಾಗಿರುತ್ತದೆ. ಅಷ್ಟರಲ್ಲಿ ವೈರಿನ ಪಿವಿಸಿ ಹೊದಿಕೆ ಮೆತ್ತಗಾಗಿರುತ್ತದೆ. ಸರಿಯಾದ ಪರಿಹಾರವೆಂದರೆ ಬೋರ್ಡ್‌ನಿಂದ ಎಸಿಗೆಂದೇ ಬೇರೆ ವೈರು ಎಳೆದು, 20 ಆಂಪಿಯರ್‌ನ 'ಸಿ' ವರ್ಗದ ಎಂಸಿಬಿ ಹಾಕುವುದು. ಕಂಪ್ರೆಸರ್ ಚಾಲನೆಯಾಗುವ ಕ್ಷಣದ ಹೆಚ್ಚಿನ ಸೆಳೆತವನ್ನು 'ಸಿ' ವರ್ಗದ್ದು ತಾಳಿಕೊಳ್ಳುತ್ತದೆ. 'ಬಿ' ವರ್ಗದ್ದು ವಿನಾಕಾರಣ ಬೀಳಬಹುದು.

ಸಾಕೆಟ್ ಏಕೆ ಸುಡುತ್ತದೆ?

ವೈರು, ಎಂಸಿಬಿ ಎರಡೂ ಸರಿಯಿದ್ದರೂ ಸಾಕೆಟ್ ಕರಗಿದ ಪ್ರಸಂಗಗಳಿವೆ. ಪ್ಲಗ್‌ನ ಪಿನ್ನನ್ನು ಹಿಡಿಯುವ ಹಿತ್ತಾಳೆಯ ಹಿಡಿತ ಸಡಿಲವಾದರೆ ಅಥವಾ ಹಿಂಬದಿಯ ಸ್ಕ್ರೂ ಬಿಗಿಯಾಗಿಲ್ಲದಿದ್ದರೆ ಅಲ್ಲಿ 0.2 ಓಮ್‌ನಷ್ಟು ರೋಧ ಸೇರಬಹುದು. 11 ಆಂಪಿಯರ್ ಹರಿದಾಗ ಆ ಒಂದು ಬಿಂದುವಿನಲ್ಲಿ 24 ವ್ಯಾಟ್ ಶಾಖ ಹುಟ್ಟುತ್ತದೆ. ಮೇಲಿನ ಲೆಕ್ಕದಲ್ಲಿ 40 ಮೀಟರ್ ವೈರಿನುದ್ದಕ್ಕೂ ಹಂಚಿಹೋಗಿದ್ದಷ್ಟೇ ಶಾಖ ಇಲ್ಲಿ ಬೆರಳ ತುದಿಯಷ್ಟು ಜಾಗದಲ್ಲಿ ಸೇರುತ್ತದೆ. ರೇಡಿಯೊ ರಿಪೇರಿಯ ಸೋಲ್ಡರಿಂಗ್ ಐರನ್ ಕೂಡ ಅಷ್ಟೇ ವ್ಯಾಟ್‌ನದು. ಬಿಸಿಗೆ ಹಿಡಿತ ಇನ್ನಷ್ಟು ಸಡಿಲಗೊಂಡು, ಲೋಹ ಕಪ್ಪಾಗಿ, ರೋಧ ಮತ್ತಷ್ಟು ಏರುತ್ತದೆ.

ಎಂಸಿಬಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಹರಿಯುತ್ತಿರುವುದು ಅದೇ 11 ಆಂಪಿಯರ್. ಸೋರಿಕೆಯನ್ನು ಗುರುತಿಸುವ ಆರ್‌ಸಿಸಿಬಿಗೂ ತಿಳಿಯದು. ಆದುದರಿಂದ ಮನೆಯವರೇ ಗಮನಿಸಬೇಕು. ಎಸಿ ಒಂದು ಗಂಟೆ ಓಡಿದ ಮೇಲೆ ಪ್ಲಗ್‌ನ ಹೊರಮೈ ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಅಥವಾ ಚಿಟಪಟ ಸದ್ದು ಇದ್ದರೆ ಮೊದಲು ಬೋರ್ಡ್‌ನಲ್ಲಿ ಎಂಸಿಬಿಯನ್ನು ಆರಿಸಬೇಕು. ಬಿಸಿಯಾದ ಪ್ಲಗ್ಗನ್ನು ಹಾಗೆಯೇ ಕೀಳಬಾರದು.

ಕಪ್ಪಾದ ಪಿನ್ನನ್ನು ಉಜ್ಜಿ ಮತ್ತೆ ಬಳಸುವುದು ವ್ಯರ್ಥ. ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಿ, ಸುಟ್ಟ ವೈರಿನ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಲೋಹದ ಪೆಟ್ಟಿಗೆಯೊಳಗೆ ಎಂಸಿಬಿ ಸಹಿತ ಬರುವ 20 ಅಥವಾ 25 ಆಂಪಿಯರ್‌ನ ಎಸಿ ಬಾಕ್ಸ್ ಸಾಮಾನ್ಯ ಸಾಕೆಟ್‌ಗಿಂತ ಮೇಲು. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಸರ್ವಥಾ ಸಲ್ಲದು.

ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ವಿದ್ಯುತ್ ಬಿಲ್ಲಿನಲ್ಲಿ ನಮೂದಾಗಿರುವ ಮಂಜೂರಾದ ಲೋಡ್ ಎಸಿಯ ಹೆಚ್ಚುವರಿ ಭಾರಕ್ಕೆ ಸಾಲದಿದ್ದರೆ, ಅಳವಡಿಕೆಗೆ ಮೊದಲೇ ಅದನ್ನು ಹೆಚ್ಚಿಸಿಕೊಳ್ಳುವುದು ಒಳಿತು.