ಮಾಲಸ್‌ನ ನಿಯಮ: ಅಳೆಯುವ ಮೊದಲೇ ಹೇಳಿದ ಲೆಕ್ಕ

ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಮಾಲಸ್‌ನ ನಿಯಮ ನೆನಪಿರಬಹುದು. ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡಿದ ಬೆಳಕಿಗೆ ಧ್ರುವೀಕೃತ ಬೆಳಕು ಎಂದು ಹೆಸರು. ಅದರ ದಾರಿಯಲ್ಲಿ ಇನ್ನೊಂದು ಫಿಲ್ಟರ್ ಹಿಡಿದು ತಿರುಗಿಸಿದರೆ, ಹೊರಬರುವ ಬೆಳಕಿನ ಪ್ರಮಾಣ ಎರಡು ಫಿಲ್ಟರ್‌ಗಳ ನಡುವಿನ ಕೋನದ ಕೊಸೈನ್‌ನ ವರ್ಗದಂತೆ ಬದಲಾಗುತ್ತದೆ:

I = I₀ cos²θ

ವೃತ್ತಿಯಿಂದ ನಿವೃತ್ತನಾದ ಮೇಲೆ ವಿಜ್ಞಾನದ ಇತಿಹಾಸ ಓದುವುದು ನನಗೆ ಹವ್ಯಾಸವಾಗಿದೆ. ಈ ಸೂತ್ರದ ಹಿಂದಿನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ಇದನ್ನು ಹೇಳಿದಾತ ಬೆಳಕನ್ನು ಅಳೆದಿರಲಿಲ್ಲ. ಬೆಳಕೆಂದರೇನು ಎಂಬುದರ ಬಗ್ಗೆ ಆತನ ಕಲ್ಪನೆಯೂ ಮುಂದೆ ತಪ್ಪೆಂದು ತಿಳಿಯಿತು. ಆದರೂ ನಿಯಮ ಇಂದಿಗೂ ನಿಂತಿದೆ. ಅದು ಹೇಗೆ?

ಎಟಿಯೆನ್ ಲೂಯಿ ಮಾಲಸ್ 1775ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ. ವೃತ್ತಿಯಿಂದ ಸೇನೆಯ ಎಂಜಿನಿಯರ್. 1798ರಲ್ಲಿ ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋದ. ಮರುವರ್ಷ ಜಾಫಾ ನಗರದಲ್ಲಿ ಸೈನಿಕರ ನಡುವೆ ಪ್ಲೇಗ್ ಹಬ್ಬಿದಾಗ ಆತನಿಗೂ ಅದು ತಗಲಿತು. ಔಷಧವೇ ಇಲ್ಲದ ಆ ಕಾಲದಲ್ಲಿ ಆತ ಬದುಕಿ ಬಂದದ್ದು ವೈದ್ಯನಾದ ನನಗೆ ಸಣ್ಣ ಮಾತಲ್ಲ.

1808ರಲ್ಲಿ ಫ್ರಾನ್ಸಿನ ವಿಜ್ಞಾನ ಸಂಸ್ಥೆ ದ್ವಿವಕ್ರೀಭವನಕ್ಕೆ ಗಣಿತದ ವಿವರಣೆ ಕೊಡುವವರಿಗೆ ಬಹುಮಾನ ಘೋಷಿಸಿತು. ಐಸ್‌ಲ್ಯಾಂಡ್ ಸ್ಪಾರ್ ಎಂಬ ಪಾರದರ್ಶಕ ಹರಳಿನ ಮೂಲಕ ನೋಡಿದರೆ ಪ್ರತಿ ವಸ್ತುವೂ ಎರಡಾಗಿ ಕಾಣುತ್ತದೆ. ಇದೇ ದ್ವಿವಕ್ರೀಭವನ. ಇಂಥ ಎರಡು ಹರಳುಗಳನ್ನು ಒಂದರ ಹಿಂದೆ ಒಂದು ಇಟ್ಟು ತಿರುಗಿಸಿದರೆ ಬಿಂಬಗಳು ಮಂಕಾಗುತ್ತವೆ, ಮಾಯವಾಗುತ್ತವೆ, ಮತ್ತೆ ಮೂಡುತ್ತವೆ. ಹಾಲೆಂಡಿನ ಹೈಗನ್ಸ್ 1690ರಲ್ಲೇ ಇದನ್ನು ವಿವರವಾಗಿ ಬರೆದಿದ್ದ, ಕಾರಣ ಮಾತ್ರ ಆತನಿಗೆ ಹೊಳೆದಿರಲಿಲ್ಲ.

ಆ ವರ್ಷದ ಒಂದು ಸಂಜೆ ಮಾಲಸ್ ತನ್ನ ಮನೆಯಿಂದ ಹರಳಿನ ಮೂಲಕ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳತ್ತ ನೋಡಿದ. ಮುಳುಗುವ ಸೂರ್ಯ ಅಲ್ಲಿನ ಗಾಜಿನಲ್ಲಿ ಹೊಳೆಯುತ್ತಿದ್ದ. ಎರಡು ಬಿಂಬಗಳು ಸಮನಾಗಿ ಕಾಣಬೇಕಿತ್ತು. ಆದರೆ ಹರಳನ್ನು ತಿರುಗಿಸಿದಂತೆ ಒಮ್ಮೆ ಒಂದು, ಇನ್ನೊಮ್ಮೆ ಮತ್ತೊಂದು ಮಂಕಾಯಿತು. ರಾತ್ರಿ ದೀಪದ ಬೆಳಕನ್ನು ನೀರು ಮತ್ತು ಗಾಜಿನಿಂದ ಪ್ರತಿಫಲಿಸಿ ನೋಡಿದ. ನೀರಿನ ಮೇಲ್ಮೈಗೆ ಸುಮಾರು 36 ಡಿಗ್ರಿ ಕೋನದಲ್ಲಿ ಬಿದ್ದ ಬೆಳಕಿನಲ್ಲಿ, ಹರಳನ್ನು ತಕ್ಕ ಹಾಗೆ ತಿರುಗಿಸಿದಾಗ, ಒಂದು ಬಿಂಬ ಪೂರ್ತಿ ಮಾಯವಾಯಿತು. ಹರಳಿನೊಳಗೆ ಹಾದ ಬೆಳಕಿಗೆ ಮಾತ್ರ ಬರುತ್ತದೆಂದು ತಿಳಿದಿದ್ದ ಈ ಗುಣ ಬರಿಯ ಪ್ರತಿಫಲನದಿಂದಲೂ ಬರುತ್ತದೆಂದು ಗೊತ್ತಾಯಿತು.

ಈಗ ನಿಯಮಕ್ಕೆ ಬರೋಣ. ಇಂದಿನ ಫಿಲ್ಟರ್ ಹಾಳೆ ಆಗ ಇರಲಿಲ್ಲ. ಮಾಲಸ್‌ನ ಎರಡನೆಯ ಫಿಲ್ಟರ್ ಎಂದರೆ ಎರಡನೆಯ ಹರಳು. ಅದು ಬೆಳಕನ್ನು ಎರಡು ಬಿಂಬಗಳಿಗೆ ಹಂಚುತ್ತದೆ. ಕೋನ ಸೊನ್ನೆಯಾದಾಗ ಎಲ್ಲ ಬೆಳಕೂ ಮೊದಲ ಬಿಂಬಕ್ಕೆ, 90 ಡಿಗ್ರಿಯಾದಾಗ ಎಲ್ಲವೂ ಎರಡನೆಯದಕ್ಕೆ, 45ರಲ್ಲಿ ಸಮಪಾಲು. ಬೆಳಕು ನಷ್ಟವಾಗದಿದ್ದರೆ ಎರಡು ಪಾಲುಗಳ ಮೊತ್ತ ಯಾವಾಗಲೂ ಒಂದೇ ಆಗಿರಬೇಕು. ಒಂದು ಕೋನದ ಕೊಸೈನ್ ವರ್ಗ ಮತ್ತು ಸೈನ್ ವರ್ಗವನ್ನು ಕೂಡಿದರೆ ಎಂದಿಗೂ ಒಂದೇ ಬರುತ್ತದೆ. ಈ ಲೆಕ್ಕ ಎಲ್ಲಕ್ಕೂ ಒಪ್ಪುತ್ತಿತ್ತು. ಮಾಲಸ್ ಅದನ್ನೇ ನಿಯಮವಾಗಿ ಹೇಳಿದ.

ಆದರೆ ಒಪ್ಪುವ ಲೆಕ್ಕ ಅದೊಂದೇ ಅಲ್ಲ. ಕೋನ ಹೆಚ್ಚಿದಷ್ಟೇ ಬೆಳಕು ಸಮನಾಗಿ ಇಳಿಯುತ್ತದೆ ಎಂದುಕೊಂಡರೂ ಸೊನ್ನೆಯಲ್ಲಿ 100, 45ರಲ್ಲಿ 50, 90ರಲ್ಲಿ ಸೊನ್ನೆ ಬರುತ್ತದೆ. ಮೊತ್ತವೂ ಸರಿಯಾಗಿರುತ್ತದೆ. ಆದ್ದರಿಂದ ಈ ಮೂರು ಕೋನಗಳಲ್ಲಿ ಎಷ್ಟು ಪರೀಕ್ಷಿಸಿದರೂ ಯಾವುದು ನಿಜವೆಂದು ತಿಳಿಯುವುದಿಲ್ಲ. ವ್ಯತ್ಯಾಸ ಕಾಣುವುದು ನಡುವಿನ ಕೋನಗಳಲ್ಲಿ. 30 ಡಿಗ್ರಿಗೆ ಸಮ ಇಳಿಕೆಯ ಲೆಕ್ಕದಲ್ಲಿ ಸುಮಾರು 67, ಕೊಸೈನ್ ವರ್ಗದಲ್ಲಿ 75. 60 ಡಿಗ್ರಿಗೆ ಒಂದರಲ್ಲಿ 33, ಇನ್ನೊಂದರಲ್ಲಿ 25.

67ಕ್ಕೂ 75ಕ್ಕೂ ಇರುವ ವ್ಯತ್ಯಾಸವನ್ನು ಬರಿಗಣ್ಣಿಂದ ಹೇಳಲಾದೀತೇ? ಆಗದು. ಬೆಳಕು ಕಾಲು ಭಾಗಕ್ಕೆ ಇಳಿದರೂ ಕಣ್ಣಿಗೆ ಅದು ಕಾಲು ಭಾಗ ಅನ್ನಿಸುವುದಿಲ್ಲ. ಪಾಪೆ ಹಿಗ್ಗುತ್ತದೆ, ಅಕ್ಷಿಪಟಲ ಹೊಂದಿಕೊಳ್ಳುತ್ತದೆ. ಅಕ್ಕಪಕ್ಕದ ಎರಡು ಬೆಳಕು ಸಮವೋ ಅಲ್ಲವೋ ಎಂಬುದನ್ನು ಮಾತ್ರ ಕಣ್ಣು ಚೆನ್ನಾಗಿ ಹೇಳುತ್ತದೆ. ಬೆಳಕಳೆಯುವ ವಿದ್ಯುತ್ ಉಪಕರಣಗಳು ಬರುವ ತನಕ ಈ ವಿದ್ಯೆಯೆಲ್ಲ ಸಮತೆಯ ಹೋಲಿಕೆಯ ಮೇಲೆ ನಿಂತಿತ್ತು. ಕೊಸೈನ್ ವರ್ಗವನ್ನು ಪ್ರಯೋಗದಿಂದ ಸಾಧಿಸುವ ಕೆಲಸವನ್ನು ಮುಂದೆ ಕೈಗೆತ್ತಿಕೊಂಡವನು ಮಾಲಸ್‌ನ ಕಿರಿಯ ಸಮಕಾಲೀನ ಅರಾಗೋ. ಆ ಕುರಿತ ಪ್ರಬಂಧಗಳನ್ನು ಆತ ಮಂಡಿಸುವ ಹೊತ್ತಿಗೆ 1850 ಆಗಿತ್ತು, ಆತನ ದೃಷ್ಟಿಯೇ ಕುಂದಿತ್ತು. ಮಾಲಸ್ ಅಷ್ಟು ದಿನ ಇರಲಿಲ್ಲ. 1812ರಲ್ಲಿ, ಇನ್ನೂ 36ರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಿದ್ದ.

ಇನ್ನು ಆತನ ಕಲ್ಪನೆಯ ವಿಚಾರ. ಬೆಳಕು ಸಣ್ಣ ಕಣಗಳಿಂದಾದದ್ದು, ಆ ಕಣಗಳಿಗೆ ಆಯಸ್ಕಾಂತಕ್ಕಿರುವಂತೆ ಧ್ರುವಗಳಿವೆ, ಹರಳು ಅವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ ಎಂದು ಮಾಲಸ್ ನಂಬಿದ್ದ. ಧ್ರುವೀಕರಣ ಎಂಬ ಹೆಸರು ಬಂದದ್ದೇ ಇದರಿಂದ. ಫ್ರಾನ್ಸಿಗೂ ಬ್ರಿಟನ್ನಿಗೂ ಯುದ್ಧ ನಡೆಯುತ್ತಿದ್ದಾಗಲೇ ಲಂಡನ್ನಿನ ರಾಯಲ್ ಸೊಸೈಟಿ ಆತನಿಗೆ ರಮ್‌ಫರ್ಡ್ ಪದಕ ಕೊಟ್ಟಿತು. ಆ ಬಗ್ಗೆ ಆತನಿಗೆ ಪತ್ರ ಬರೆದವರು ಅಲ್ಲಿನ ವಿದೇಶ ಕಾರ್ಯದರ್ಶಿ ಥಾಮಸ್ ಯಂಗ್. ಅವರು ನಮ್ಮ ವೃತ್ತಿಯವರು, ವೈದ್ಯರು. ಬೆಳಕು ಅಲೆ ಎಂದು ವಾದಿಸುತ್ತಿದ್ದವರೂ ಅವರೇ. ಆದರೆ ಶಬ್ದದಂತೆ ಮುಂದಕ್ಕೂ ಹಿಂದಕ್ಕೂ ಅಲುಗುವ ಅಲೆಗೆ ಬದಿಗಳು ಎಲ್ಲಿಂದ ಬಂದಾವು? ಮಾಲಸ್‌ನ ಪ್ರಯೋಗ ಅಲೆಯ ವಾದಕ್ಕೆ ದೊಡ್ಡ ತೊಡಕಾಯಿತು. 1817ರಲ್ಲಿ ಯಂಗ್‌ಗೆ ಬೇರೆ ದಾರಿ ಹೊಳೆಯಿತು: ಅಲುಗಾಟ ಅಡ್ಡಕ್ಕೆ ಇರಬಹುದಲ್ಲ! 1821ರಲ್ಲಿ ಫ್ರೆನೆಲ್ ಅದನ್ನೇ ಪೂರ್ಣ ಸಿದ್ಧಾಂತವಾಗಿ ಕಟ್ಟಿದ.

ಕೊಸೈನ್‌ಗೆ ವರ್ಗ ಏಕೆ ಬಂತು ಎಂಬುದಕ್ಕೆ ಆಗ ಉತ್ತರ ಸಿಕ್ಕಿತು. ಓರೆಯಾದ ಅಡ್ಡ ಅಲುಗಾಟದಲ್ಲಿ ಫಿಲ್ಟರಿನ ದಿಕ್ಕಿಗೆ ಸೇರಿದ ಭಾಗ ಮಾತ್ರ ದಾಟುತ್ತದೆ. ಆ ಭಾಗ ಕೊಸೈನ್. ಅಲೆ ಹೊರುವ ಶಕ್ತಿ ಅಲುಗಾಟದ ಅಳತೆಯ ವರ್ಗದಷ್ಟು. ಅಲುಗಾಟ ಅರ್ಧವಾದರೆ ಬೆಳಕು ಕಾಲು ಭಾಗ. ಹೀಗೆ ಕಣಗಳ ಚಿತ್ರ ಬಿದ್ದುಹೋಯಿತು, ಲೆಕ್ಕ ಮಾತ್ರ ಉಳಿಯಿತು. ವೈದ್ಯರಿಗೆ ಇದು ಅಚ್ಚರಿಯಲ್ಲ. ಮಲೇರಿಯಾದ ಪರೋಪಜೀವಿಯನ್ನು ಕಾಣುವ ಮೊದಲೇ ಕ್ವಿನೈನ್ ಜ್ವರ ಇಳಿಸುತ್ತಿತ್ತು.

ಈ ಅಲೆಯ ಲೆಕ್ಕವನ್ನು ಮೂರು ಫಿಲ್ಟರ್‌ಗಳಿಂದ ಮನೆಯಲ್ಲೇ ನೋಡಬಹುದು. ಎರಡನ್ನು 90 ಡಿಗ್ರಿಯಲ್ಲಿಟ್ಟರೆ ಕತ್ತಲೆ. ನಡುವೆ ಮೂರನೆಯದನ್ನು 45 ಡಿಗ್ರಿಯಲ್ಲಿ ತೂರಿಸಿದರೆ ಬೆಳಕು ಮರಳಿ ಬರುತ್ತದೆ. ಮೊದಲನೆಯದರಿಂದ ಬಂದದ್ದು 100 ಎಂದುಕೊಳ್ಳಿ. ನಡುವಿನದು 50 ಬಿಡುತ್ತದೆ. ಕೊನೆಯದಕ್ಕೂ ನಡುವಿನದಕ್ಕೂ ಮತ್ತೆ 45 ಡಿಗ್ರಿ, ಆದ್ದರಿಂದ 25 ಹೊರಬರುತ್ತದೆ. ಬರಿಯ ಜರಡಿಯಾಗಿದ್ದರೆ ಇನ್ನೊಂದು ಜರಡಿ ಸೇರಿಸಿದಾಗ ಹೆಚ್ಚು ಕಾಳು ಬೀಳುತ್ತಿರಲಿಲ್ಲ. ಫಿಲ್ಟರ್ ಬೆಳಕನ್ನು ಕಡಿಮೆ ಮಾಡುವುದರ ಜೊತೆಗೆ ಉಳಿದ ಬೆಳಕಿಗೆ ಹೊಸ ದಿಕ್ಕು ಕೊಡುತ್ತದೆ.

ಮಾಡಿ ನೋಡುವವರಿಗೆ ಎರಡು ಎಚ್ಚರಿಕೆ. ನಿಯಮ ಹೇಳುವುದು ಮೊದಲೇ ಧ್ರುವೀಕೃತವಾದ ಬೆಳಕಿನ ವಿಷಯ. ಬಲ್ಬಿನ ಬೆಳಕಿಗೆ ಒಂದೇ ಫಿಲ್ಟರ್ ಹಿಡಿದು ತಿರುಗಿಸಿದರೆ ಏನೂ ಬದಲಾಗದು, ಯಾವ ಕೋನದಲ್ಲೂ ಅರ್ಧಕ್ಕಿಂತ ತುಸು ಕಡಿಮೆ ದಾಟುತ್ತದೆ. ಎರಡನೆಯದಾಗಿ, ಮಂಕಾದರೂ ಯಾವ ಕೋನದಲ್ಲೂ ಪೂರ್ತಿ ಕತ್ತಲಾಗದಿದ್ದರೆ ಆ ಬೆಳಕು ಭಾಗಶಃ ಮಾತ್ರ ಧ್ರುವೀಕೃತ ಎಂದು ತಿಳಿಯಬೇಕು, ಇಲ್ಲವೇ ಫಿಲ್ಟರ್ ಸೋರುತ್ತಿದೆ. ಮಕ್ಕಳು ಪರೀಕ್ಷಿಸುವುದಾದರೆ ಬೆಳಕಿನ ಮೀಟರ್ ಹಿಡಿದು 30 ಮತ್ತು 60 ಡಿಗ್ರಿಯಲ್ಲಿ ಅಳೆಯಲಿ. 45ರಲ್ಲಿ ಅಳೆದು ನಿಯಮ ಸರಿಯಿದೆ ಎಂದರೆ ಒಪ್ಪಬೇಡಿ.